ಬಡಿದದ್ದು ಮುಗಿದ ಮೇಲೂ ಶಬ್ದ ಯಾಕೆ ಉಳಿಯುತ್ತದೆ? ಆರನೇ ತರಗತಿಯಲ್ಲಿ ಕಂಪನದ ಪಾಠ

ಪ್ರಶ್ನೆ: ಸರ್, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ತಗೊಳ್ತೀನಿ. 38 ಮಕ್ಕಳು. ಶಬ್ದ ಅಂದರೆ ಕಂಪನ ಅಂತ ತೋರಿಸೋಕೆ ರಬ್ಬರ್ ಬ್ಯಾಂಡ್, ಶ್ರುತಿಕವೆ, ದಾರದ ಫೋನ್ ಮೂರನ್ನೂ ಮಾಡಿಸಿದೆ. ಮಕ್ಕಳಿಗೆ ಖುಷಿಯೇನೋ ಆಯಿತು. ಆದರೆ ಮರುದಿನ ಕೇಳಿದರೆ "ಬಡಿದರೆ ಶಬ್ದ ಬರುತ್ತೆ ಮಿಸ್" ಅಂತಾರೆ. ರಬ್ಬರ್ ಜಾಸ್ತಿ ಎಳೆದರೆ ಶಬ್ದ ಕೀರಲಾಗುತ್ತೆ ಅಂತ ಹೇಳಿದ್ದೆ. ಒಬ್ಬಳು "ಇಲ್ಲ ಮಿಸ್, ಹಾಗೇ ಇದೆ" ಅಂದಳು. ನಾನೂ ಎಳೆದು ನೋಡಿದೆ, ಹಾಗೇ ಇತ್ತು! ದಾರದ ಫೋನಿನಲ್ಲಿ ಕೇಳಿಸಿದ್ದು ದಾರದಿಂದಲೋ ಗಾಳಿಯಿಂದಲೋ ಅದೂ ಗೊತ್ತಾಗಲಿಲ್ಲ. ಶಾಲೆಯಲ್ಲಿ ಇರೋದು ಎರಡೇ ಶ್ರುತಿಕವೆ. ಎಲ್ಲಿ ತಪ್ಪಿತು? ಯಾವ ಕ್ರಮದಲ್ಲಿ ಮಾಡಿಸಲಿ?

ಉತ್ತರ: ಆ ಹುಡುಗಿಯ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ ಮೇಡಂ. ರಬ್ಬರ್ ಬ್ಯಾಂಡನ್ನು ಎರಡು ಕೈ ಬೆರಳುಗಳ ನಡುವೆ ಹಿಡಿದು ಇನ್ನಷ್ಟು ಎಳೆದು ಮೀಟಿದರೆ ಸ್ವರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾಳೆ ತರಗತಿಯಲ್ಲಿ ಎಲ್ಲರ ಮುಂದೆ ಅವಳಿಂದಲೇ ಇದನ್ನು ಮಾಡಿಸಿ. ನೀವು ಹೇಳಿದ ಮೂರೂ ತೊಂದರೆಗಳ ಬುಡ ಒಂದೇ. ಮೂರು ಪ್ರಯೋಗಗಳಲ್ಲೂ ಎರಡು ಮೂರು ಸಂಗತಿಗಳು ಒಟ್ಟೊಟ್ಟಿಗೆ ನಡೆಯುತ್ತಿವೆ. ಯಾವುದರಿಂದ ಏನಾಯಿತು ಅಂತ ಬೇರೆ ಮಾಡಿ ನೋಡುವ ಅವಕಾಶ ಮಕ್ಕಳಿಗೆ ಸಿಕ್ಕಿಲ್ಲ. ರಬ್ಬರಿನಿಂದಲೇ ಶುರು ಮಾಡುತ್ತೇನೆ.

ಕೈಯಲ್ಲಿ ಹಿಡಿದ ರಬ್ಬರನ್ನು ಎಳೆದಾಗ ಮೂರು ಬದಲಾವಣೆ ಆಗುತ್ತವೆ. ಅದು ಬಿಗಿಯಾಗುತ್ತದೆ, ಇದು ಸ್ವರವನ್ನು ಏರಿಸುತ್ತದೆ. ತೆಳ್ಳಗಾಗುತ್ತದೆ, ಇದೂ ಏರಿಸುತ್ತದೆ. ಆದರೆ ಅದುರುವ ಭಾಗ ಉದ್ದವೂ ಆಗುತ್ತದೆ, ಇದು ಸ್ವರವನ್ನು ಇಳಿಸುತ್ತದೆ. ಏರಿಸುವುದು, ಇಳಿಸುವುದು ಎರಡೂ ಸೇರಿ ಹೆಚ್ಚುಕಡಿಮೆ ಸಮ ಆಗಿಬಿಡುತ್ತವೆ. ತಂಬೂರಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬಿರಡೆ ತಿರುಗಿಸಿದಾಗ ತಂತಿ ಬಿಗಿಯಾಗುತ್ತದೆ, ಆದರೆ ಅದುರುವ ಉದ್ದ ಅಷ್ಟೇ ಇರುತ್ತದೆ. ಅದಕ್ಕೇ ಸ್ವರ ಸಲೀಸಾಗಿ ಏರುತ್ತದೆ. ನಾವು ತಂತಿಯ ವಿಷಯದಲ್ಲಿ ಕಲಿತದ್ದನ್ನು ಯೋಚಿಸದೆ ರಬ್ಬರಿಗೂ ಹೇಳಿಬಿಡುತ್ತೇವೆ.

ನಿಮ್ಮ ಸಮಾಧಾನಕ್ಕೆ ಒಂದು ಲೆಕ್ಕ ಕೊಡುತ್ತೇನೆ, ಮಕ್ಕಳಿಗೆ ಇದು ಬೇಡ. ಎಳೆಯದೆ ಇದ್ದಾಗ 5 ಸೆಂ.ಮೀ. ಇರುವ ರಬ್ಬರ್ ಅಂತ ಇಟ್ಟುಕೊಳ್ಳಿ. ಎಷ್ಟು ಎಳೆದರೆ ಅಷ್ಟಕ್ಕೆ ತಕ್ಕಂತೆ ಅದರ ಬಿಗಿ ಏರುತ್ತದೆ ಅಂತಲೂ ಇಟ್ಟುಕೊಳ್ಳಿ. 10 ಸೆಂ.ಮೀ.ಗೆ ಎಳೆದು ಮೀಟಿದಾಗ ಅದು ಸೆಕೆಂಡಿಗೆ 100 ಸಲ ಅದುರಿದರೆ, 15 ಸೆಂ.ಮೀ.ಗೆ ಎಳೆದಾಗ ಸುಮಾರು 115 ಸಲ ಅದುರುತ್ತದೆ. 20 ಸೆಂ.ಮೀ.ಗೆ ಎಳೆದರೆ ಸುಮಾರು 122. ಉದ್ದ ಎರಡು ಪಟ್ಟಾದರೂ ಸ್ವರ ಏರುವುದು ಒಂದೆರಡು ಮೆಟ್ಟಿಲು ಮಾತ್ರ. ಈಗ ಅದೇ 15 ಸೆಂ.ಮೀ. ರಬ್ಬರನ್ನು ಇನ್ನೊಬ್ಬರು ನಡುವೆ ಚಿವುಟಿ ಹಿಡಿದು, 10 ಸೆಂ.ಮೀ. ಮಾತ್ರ ಅದುರುವಂತೆ ಮಾಡಲಿ. ಆಗ ಅದು ಸೆಕೆಂಡಿಗೆ ಸುಮಾರು 173 ಸಲ ಅದುರುತ್ತದೆ. ಉದ್ದವನ್ನು ಹಾಗೇ ಇಟ್ಟು ಬಿಗಿ ಮಾಡಿದರೆ ಎಷ್ಟು ಏರಬಹುದಿತ್ತು ಅನ್ನುವುದು ಇದರಿಂದ ತಿಳಿಯುತ್ತದೆ. ನಿಜವಾದ ರಬ್ಬರ್ ಈ ಲೆಕ್ಕವನ್ನು ಪೂರ್ತಿ ಪಾಲಿಸುವುದಿಲ್ಲ. ನಡುವಿನ ಎಳೆತದಲ್ಲಿ ಸ್ವಲ್ಪ ಸಡಿಲವಾಗಿಯೂ ಕೊನೆಯಲ್ಲಿ ತುಂಬಾ ಗಟ್ಟಿಯಾಗಿಯೂ ನಡೆದುಕೊಳ್ಳುತ್ತದೆ. ಹಾಗಾಗಿ ಒಂದು ಗುಂಪು "ಸ್ವಲ್ಪ ಇಳಿಯಿತು" ಅಂದರೂ, ಇನ್ನೊಂದು "ಸ್ವಲ್ಪ ಏರಿತು" ಅಂದರೂ ಎರಡನ್ನೂ ಒಪ್ಪಿಕೊಳ್ಳಿ.

ಮಕ್ಕಳಿಗೆ ಬೇಕಾದದ್ದು ಉದ್ದ ಬದಲಾಗದ ಒಂದು ಏರ್ಪಾಡು. ಹತ್ತು ಹನ್ನೆರಡು ಸೆಂ.ಮೀ. ಉದ್ದದ ಸ್ಟೀಲ್ ಟಿಫಿನ್ ಡಬ್ಬಿ ಸಾಕು, ಮುಚ್ಚಳ ಬೇಡ. ರಬ್ಬರನ್ನು ಡಬ್ಬಿಯ ಸುತ್ತ ಉದ್ದಕ್ಕೆ ಹಾಕಿ, ತೆರೆದ ಬಾಯಿಯ ಮೇಲೆ ಹಾದುಹೋಗಲಿ. ಒಂದು ಪೆನ್ಸಿಲನ್ನು ರಬ್ಬರಿನ ಕೆಳಗೆ ಅಡ್ಡಲಾಗಿ ತೂರಿಸಿ, ಎರಡೂ ಅಂಚುಗಳ ಮೇಲೆ ಕೂರಿಸಿ. ಮೊದಲ ಕೆಲಸ, ಪೆನ್ಸಿಲನ್ನು ಸರಿಸುತ್ತಾ ಒಂದೇ ಬದಿಯನ್ನು ಮೀಟುವುದು. ಆ ಭಾಗ ಗಿಡ್ಡವಾದಂತೆ ಸ್ವರ ಏರುತ್ತದೆ. ಎರಡನೇ ಕೆಲಸ, ಪೆನ್ಸಿಲನ್ನು ಒಂದೇ ಕಡೆ ಬಿಟ್ಟು, ಡಬ್ಬಿಯ ಹೊರಗೋಡೆಯ ಮೇಲಿರುವ ರಬ್ಬರನ್ನು ಬೆರಳಿನಿಂದ ಕೆಳಕ್ಕೆ ಎಳೆದು ಹಿಡಿದು ಮೀಟುವುದು. ಸ್ವರ ಥಟ್ಟನೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದು ಮಕ್ಕಳ ಕೈಯ ಬಿರಡೆ. ಮೂರನೆಯದು, ಅದೇ ಜಾಗದಲ್ಲಿ ಮೆಲ್ಲಗೆ ಮತ್ತು ಜೋರಾಗಿ ಮೀಟುವುದು. ಆಗ ಶಬ್ದದ ಜೋರು ಬದಲಾಗುತ್ತದೆ, ಸ್ವರ ಬದಲಾಗುವುದಿಲ್ಲ. ಈ ಮೂರನ್ನು ಒಂದೇ ಉಸಿರಿನಲ್ಲಿ ಮಾಡಿಸಬೇಡಿ. ಆರನೇ ತರಗತಿಯ ಮಕ್ಕಳು "ಜೋರು" ಮತ್ತು "ಕೀರಲು" ಎರಡನ್ನೂ "ದೊಡ್ಡ ಶಬ್ದ" ಅಂತಲೇ ಹೇಳುವುದು ಸಾಮಾನ್ಯ. ಹಾಗೆ ಅಂದವರಿಗೆ "ಬಾಯಲ್ಲಿ ಹಾಡಿ ತೋರಿಸು" ಅನ್ನಿ. ಏರಿದ್ದನ್ನು ಮಗು ಏರಿಸಿಯೇ ಹಾಡುತ್ತದೆ. ಆಗ ಅದು ಯಾವುದನ್ನು ಹೇಳುತ್ತಿದೆ ಅಂತ ನಿಮಗೆ ತಿಳಿಯುತ್ತದೆ.

ಹಳೆಯ, ಬಿರುಕು ಬಿಟ್ಟ ರಬ್ಬರ್ ಬೇಡ, ಕಿತ್ತು ಕಣ್ಣಿಗೆ ಹೊಡೆಯುತ್ತದೆ. ಡಬ್ಬಿಗೆ ಮುಖ ತಗ್ಗಿಸಿ ಮೀಟಬಾರದು ಅಂತ ಮೊದಲೇ ಹೇಳಿಬಿಡಿ.

ಈಗ "ಬಡಿದರೆ ಶಬ್ದ ಬರುತ್ತೆ" ಅನ್ನುವ ಮಾತಿಗೆ ಬರೋಣ. ಮಕ್ಕಳು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ರಬ್ಬರನ್ನು ಮೀಟಿದೆವು, ಶಬ್ದ ಬಂತು. ಶ್ರುತಿಕವೆಯನ್ನು ಬಡಿದೆವು, ಶಬ್ದ ಬಂತು. ಎರಡರಲ್ಲೂ ಕಣ್ಣಿಗೆ ಬಿದ್ದದ್ದು ಹೊಡೆತವೇ, ಅಲ್ವಾ? ಅದುರಾಟ ಅದರ ಹಿಂದೆ ಅಡಗಿದೆ. ಆದ್ದರಿಂದ ಹೊಡೆತವನ್ನೂ ಅದುರಾಟವನ್ನೂ ಕಾಲದಲ್ಲಿ ದೂರ ಮಾಡಬೇಕು. ನಿಮ್ಮ ಶಾಲೆಯಲ್ಲಿ ಗಂಟೆಯಾಗಿ ರೈಲು ಕಂಬಿಯ ತುಂಡು ತೂಗುಹಾಕಿದ್ದರೆ ಒಳ್ಳೆಯದಾಯಿತು. ಇಲ್ಲದಿದ್ದರೆ ದೊಡ್ಡ ಸ್ಟೀಲ್ ತಟ್ಟೆಯ ಅಂಚಿಗೆ ತೂತು ಮಾಡಿ ದಾರದಲ್ಲಿ ತೂಗುಬಿಡಿ. ಒಂದೇ ಒಂದು ಸಲ ಬಡಿದು, ಬಡಿದ ಕೋಲನ್ನು ಮೇಜಿನ ಮೇಲೆ ಇಟ್ಟುಬಿಡಿ. ಶಬ್ದ ಇನ್ನೂ ಮೊಳಗುತ್ತಿರುವಾಗಲೇ ಕೇಳಿ: "ಕೋಲು ಎಲ್ಲಿದೆ? ಈಗ ಯಾರು ಬಡಿಯುತ್ತಿದ್ದಾರೆ?" ಯಾರೂ ಇಲ್ಲ. "ಮತ್ತೆ ಶಬ್ದ ಯಾಕೆ ಇದೆ?" ಈ ಪ್ರಶ್ನೆಗೆ ಉತ್ತರ ಹೇಳಬೇಡಿ, ಕಾಯಿರಿ. ಒಬ್ಬರನ್ನು ಕರೆದು, ಬಡಿದ ಕೂಡಲೇ ತಟ್ಟೆಯ ಅಂಚಿಗೆ ಬೆರಳ ತುದಿ ತಾಗಿಸಲು ಹೇಳಿ. ಬೆರಳಿಗೆ ಜುಮ್ ಅನ್ನುತ್ತದೆ. ಮತ್ತೊಬ್ಬರು ಇಡೀ ಅಂಗೈಯಲ್ಲಿ ತಟ್ಟೆಯನ್ನು ಅಮುಕಿ ಹಿಡಿಯಲಿ. ಜುಮ್ ಅನ್ನುವುದೂ ನಿಂತಿತು, ಶಬ್ದವೂ ನಿಂತಿತು.

ಈ ತಡೆದು ನೋಡುವ ಪರೀಕ್ಷೆಯೇ ನಿಮ್ಮ ಪಾಠದ ಬೆನ್ನೆಲುಬು ಆಗಲಿ. ಅದುರಾಟ ಇದೆಯೇ ಅಂತ ಮುಟ್ಟಿ ನೋಡುವುದು, ಅದುರಾಟ ತಡೆದು ಶಬ್ದ ಏನಾಯಿತು ಅಂತ ಕೇಳುವುದು. ತಟ್ಟೆಯಲ್ಲಿ ಮಾಡಿದ್ದನ್ನೇ ರಬ್ಬರಿನಲ್ಲಿ, ಶ್ರುತಿಕವೆಯಲ್ಲಿ, ಕೊನೆಗೆ ಫೋನಿನ ದಾರದಲ್ಲೂ ಮಾಡಿಸಿ. ಬಡಿಯದೆ ಬರುವ ಶಬ್ದವೂ ಒಂದು ಬೇಕು. ಗಂಟಲ ಮೇಲೆ ಕೈಯಿಟ್ಟು "ಆ" ಅನ್ನುವುದು ಎಲ್ಲಕ್ಕಿಂತ ಸುಲಭ. ಆದರೆ ಇಲ್ಲೊಂದು ಕೊಕ್ಕೆ ಇದೆ. ಯಾರಾದರೊಬ್ಬ ಹುಡುಗ "ಸ್ಸ್ಸ್" ಅಂದು ನೋಡುತ್ತಾನೆ. ಗಂಟಲು ಅದುರುವುದಿಲ್ಲ, ಶಬ್ದ ಮಾತ್ರ ಇದೆ! ಅವನನ್ನು ಸುಮ್ಮನಾಗಿಸಬೇಡಿ. "ಸ್" ಅನ್ನುವಾಗ ಹಲ್ಲಿನ ಸಂದಿಯಲ್ಲಿ ನುಗ್ಗುವ ಗಾಳಿಯೇ ಸುತ್ತಿ ಸುಳಿದು ಅದುರುತ್ತದೆ. ಗಂಟಲು ಅಲ್ಲಿ ಬರೀ ದಾರಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಗಾಳಿ ತಾಗುತ್ತದೆ. ಇಷ್ಟು ಹೇಳಿ ಮುಂದೆ ಹೋಗಬಹುದು.

ತಟ್ಟೆಯ ನಂತರ ನೇರವಾಗಿ ಶ್ರುತಿಕವೆಗೆ ಹಾರುವುದು ನನಗೆ ಇಷ್ಟವಿಲ್ಲ. ನಡುವೆ ಒಂದು ಸ್ಟೀಲ್ ಸ್ಕೇಲ್ ಬೇಕು, 30 ಸೆಂ.ಮೀ.ನದು. ಯಾಕೆಂದರೆ ಅದುರಾಟವನ್ನು ಕಣ್ಣಾರೆ ನೋಡುತ್ತಾ ನೋಡುತ್ತಾ ಅದು ಶಬ್ದವಾಗುವ ಜಾಗ ಸಿಗುವುದು ಅಲ್ಲಿ ಮಾತ್ರ. ಮೇಜಿನ ಅಂಚಿನಿಂದ 25 ಸೆಂ.ಮೀ. ಹೊರಗೆ ಚಾಚಿ, ಉಳಿದದ್ದನ್ನು ಡಸ್ಟರಿನ ಮರದ ಬದಿಯಿಂದ ಅಂಚಿಗೇ ಸರಿಯಾಗಿ ಅಮುಕಿ ಹಿಡಿಯಿರಿ. ತುದಿಯನ್ನು ತಗ್ಗಿಸಿ ಬಿಟ್ಟರೆ ಸೆಕೆಂಡಿಗೆ ಸುಮಾರು ಹತ್ತು ಸಲ ಮೇಲೆ ಕೆಳಗೆ ಆಡುತ್ತದೆ. ಕಣ್ಣಿಗೆ ಕಾಣುತ್ತದೆ, ಸ್ವರ ಕೇಳುವುದಿಲ್ಲ. ನಮ್ಮ ಕಿವಿಗೆ ಸ್ವರ ಕೇಳಬೇಕಾದರೆ ಸೆಕೆಂಡಿಗೆ ಸುಮಾರು 20 ಸಲವಾದರೂ ಅದುರಬೇಕು. ಚಾಚಿದ ಭಾಗವನ್ನು 20, 15, 10 ಸೆಂ.ಮೀ. ಅಂತ ಇಳಿಸುತ್ತಾ ಬನ್ನಿ. ಹತ್ತಕ್ಕೆ ಬಂದಾಗ ಅಂಚುಗಳು ಮಸುಕಾಗಿ ಕಾಣುತ್ತವೆ, "ಡರ್ರ್" ಅನ್ನುವ ತಗ್ಗು ಸ್ವರ ಕೇಳುತ್ತದೆ. ಇನ್ನೂ ಗಿಡ್ಡ ಮಾಡಿದರೆ ಆಟ ಕಾಣುವುದಿಲ್ಲ, ಶಬ್ದ ಮಾತ್ರ ಉಳಿಯುತ್ತದೆ. ಕಾಣದಿದ್ದರೂ ಅದುರುತ್ತಿದೆ ಅಂತ ಮಗು ಒಪ್ಪುವುದು ಇಲ್ಲಿ. ಶ್ರುತಿಕವೆಗೆ ಬೇಕಾದ ನಂಬಿಕೆ ಇದೇ.

ಇದರಲ್ಲಿ ಕೆಡುವುದು ಒಂದೇ. ಅಮುಕಿದ್ದು ಸಡಿಲವಾದರೆ ಸ್ಕೇಲ್ ಮೇಜಿಗೆ ಬಡಿದು ಪಟಪಟ ಅನ್ನುತ್ತದೆ. ಮಕ್ಕಳು ಅದನ್ನೇ ಶಬ್ದ ಅಂದುಕೊಳ್ಳುತ್ತಾರೆ, ಮತ್ತೆ "ಬಡಿದರೆ ಶಬ್ದ"ಕ್ಕೇ ವಾಪಸು. ಪಟಪಟ ಕೇಳಿದರೆ ನಿಲ್ಲಿಸಿ, ಇನ್ನೂ ಗಟ್ಟಿಯಾಗಿ ಹಿಡಿಸಿ.

ಎರಡು ಶ್ರುತಿಕವೆ ಸಾಕು. ತರಗತಿಯನ್ನು ಆರು ಗುಂಪು ಮಾಡಿ. ಐದು ಗುಂಪು ಡಬ್ಬಿ ಮತ್ತು ಸ್ಕೇಲಿನಲ್ಲಿ ತೊಡಗಿರಲಿ, ಒಂದು ಗುಂಪನ್ನು ನಿಮ್ಮ ಮೇಜಿಗೆ ಕರೆಯಿರಿ. ಗುಂಪಿಗೆ ಆರು ನಿಮಿಷ ಅಂದರೆ ಒಂದು ಪೀರಿಯಡ್‌ನಲ್ಲಿ ಎಲ್ಲರಿಗೂ ಬರುತ್ತದೆ. 38 ಮಕ್ಕಳಿಗೆ ಮುಂದೆ ನಿಂತು ತೋರಿಸುವುದು ವ್ಯರ್ಥ. ಶ್ರುತಿಕವೆಯ ಶಬ್ದ ಎರಡನೇ ಬೆಂಚಿಗೂ ಸರಿಯಾಗಿ ಕೇಳುವುದಿಲ್ಲ.

ಬಡಿಯುವುದನ್ನು ಮೊದಲು ಕಲಿಸಿ. ಹಿಡಿಯನ್ನು ಎರಡು ಮೂರು ಬೆರಳಲ್ಲಿ ಹಿಡಿದು, ಒಂದು ಕವಲಿನ ಮೇಲ್ಭಾಗವನ್ನು ರಬ್ಬರ್ ಚಪ್ಪಲಿಯ ಅಟ್ಟೆಗೋ ದಪ್ಪ ಎರೇಸರಿಗೋ ತಟ್ಟಬೇಕು. ಮೇಜಿನ ಅಂಚಿಗೆ ಬಡಿದರೆ "ಟಿಂಗ್" ಅಂತ ಒಂದು ಕೀರಲು ಸ್ವರ ಹೆಚ್ಚಾಗಿ ಬರುತ್ತದೆ. ಅದು ಶ್ರುತಿಕವೆಯ ಮುಖ್ಯ ಸ್ವರ ಅಲ್ಲ. ಹಾಗೆ ಬಡಿದು ಬಡಿದು ಕವಲುಗಳು ಹಾಳಾಗುವುದೂ ಉಂಟು. ಮೆತ್ತಗಿನದಕ್ಕೆ ತಟ್ಟಿದರೆ ಕಿವಿಯ ಹತ್ತಿರ ಹಿಡಿದಾಗ ಒಂದೇ ಮೃದುವಾದ ಸ್ವರ ಕೇಳುತ್ತದೆ.

ಶ್ರುತಿಕವೆಯ ಮೇಲೆ 256 ಅಥವಾ 512 ಅಂತ ಕೆತ್ತಿರುತ್ತಾರೆ. ಒಂದು ಸೆಕೆಂಡಿನಲ್ಲಿ ಅಷ್ಟು ಸಲ ಅದುರುತ್ತದೆ ಅಂತ ಅರ್ಥ. ಕವಲಿನ ತುದಿ ಆಡುವುದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟು ವೇಗ, ಅಷ್ಟು ಸಣ್ಣ ಆಟ. ಅದಕ್ಕೇ ಕಣ್ಣಿಗೆ ಸುಮ್ನೆ ನಿಂತಿರುವ ಕಬ್ಬಿಣದಂತೆ ಕಾಣುತ್ತದೆ. ಇಲ್ಲಿ ಬಹಳ ಮಕ್ಕಳು "ರಬ್ಬರ್ ಅದುರುತ್ತೆ, ಇದು ಕಬ್ಬಿಣ ಆದ್ದರಿಂದ ಶಬ್ದ ಮಾಡುತ್ತೆ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಮೆತ್ತಗಿರುವುದಕ್ಕೆ ಒಂದು ನ್ಯಾಯ, ಗಟ್ಟಿ ಲೋಹಕ್ಕೆ ಬೇರೆ ನ್ಯಾಯ. ಆ ಗೋಡೆ ಒಡೆಯಬೇಕಾದರೆ ಥರ್ಮೋಕೋಲ್ ಉಂಡೆ ಬೇಕು.

ಕಡಲೆ ಗಾತ್ರದ ಥರ್ಮೋಕೋಲ್ ಉಂಡೆಯನ್ನು ಹೊಲಿಗೆ ದಾರಕ್ಕೆ ಅಂಟಿಸಿ, ಮೇಜಿನ ಅಂಚಿಗೆ ಚಾಚಿದ ಸ್ಕೇಲಿನಿಂದ ಒಂದು ಗೇಣು ಇಳಿಬಿಡಿ. ಫ್ಯಾನ್ ಆರಿಸಿ. ಮೊದಲು ತಟ್ಟದೇ ಇರುವ ಶ್ರುತಿಕವೆಯನ್ನು ಮೆಲ್ಲಗೆ ತಂದು ಉಂಡೆಗೆ ತಾಗಿಸಿ. ಉಂಡೆ ತಾಗಿಕೊಂಡು ನಿಲ್ಲುತ್ತದೆ, ಅಷ್ಟೇ. ಈಗ ತಟ್ಟಿ, ಅಷ್ಟೇ ಮೆಲ್ಲಗೆ ತಂದು ತಾಗಿಸಿ. ಉಂಡೆ ಒದ್ದಂತೆ ಹಾರುತ್ತದೆ, ಮತ್ತೆ ಬಂದು ತಾಗುತ್ತದೆ, ಮತ್ತೆ ಹಾರುತ್ತದೆ. ಮೊದಲಿನ ಹೆಜ್ಜೆ ಬಿಟ್ಟರೆ ಪ್ರಯೋಗ ಸೋತಂತೆ. ಯಾಕೆಂದರೆ "ಮಿಸ್, ನಿಮ್ಮ ಕೈ ತಳ್ಳಿತು" ಅಂತ ಒಬ್ಬರು ಹೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಆಮೇಲೆ ತಟ್ಟೆಯ ತುಂಬ ನೀರು ಇಟ್ಟು ಕವಲುಗಳ ತುದಿಯನ್ನಷ್ಟೇ ತಾಗಿಸಿ. ಎರಡೂ ಕಡೆ ಸಣ್ಣ ಹನಿಗಳು ಚಿಮ್ಮುತ್ತವೆ. ಇಡೀ ಕವಲನ್ನು ಮುಳುಗಿಸಿದರೆ ನೀರು ಅದನ್ನು ಕೂಡಲೇ ತಡೆದುಬಿಡುತ್ತದೆ, ಏನೂ ಕಾಣುವುದಿಲ್ಲ. ಉಕ್ಕಿನ ಶ್ರುತಿಕವೆ ಆದರೆ ಒರೆಸಿ ಇಡಿ, ತುಕ್ಕು ಹಿಡಿಯುತ್ತದೆ. ಕೊನೆಗೆ ಎರಡು ಬೆರಳಿನಿಂದ ಕವಲುಗಳನ್ನು ಹಿಡಿಸಿ, ಶಬ್ದ ಸತ್ತಿತೇ ಅಂತ ಕೇಳಿ. ತಟ್ಟೆಯಲ್ಲಿ ಮಾಡಿದ್ದೇ ಇದು.

ಇನ್ನೊಂದು ಆಟವನ್ನು ತಪ್ಪಿಸಬೇಡಿ. ತಟ್ಟಿದ ಶ್ರುತಿಕವೆಯ ಹಿಡಿಯ ಬುಡವನ್ನು ಮೇಜಿನ ಮೇಲೆ ನೆಟ್ಟಗೆ ಒತ್ತಿದರೆ ಶಬ್ದ ಒಮ್ಮೆಲೇ ಜೋರಾಗಿ ಇಡೀ ತರಗತಿಗೆ ಕೇಳುತ್ತದೆ. ತೆಳ್ಳನೆ ಕವಲುಗಳು ಸ್ವಲ್ಪವೇ ಗಾಳಿಯನ್ನು ಅಲುಗಿಸಬಲ್ಲವು. ಮೇಜಿನ ಹಲಗೆ ಅಗಲವಾಗಿದೆ, ಅದು ಅದುರಿದರೆ ಬಹಳ ಗಾಳಿ ಅಲುಗುತ್ತದೆ. ರಬ್ಬರಿಗೆ ಡಬ್ಬಿ ಯಾಕೆ ಬೇಕಿತ್ತು ಅನ್ನುವುದಕ್ಕೂ ಉತ್ತರ ಇದೇ. ಹೀಗೆ ಒತ್ತಿದಾಗ ಶಬ್ದ ಬೇಗ ಮುಗಿದುಹೋಗುವುದನ್ನೂ ಗಮನಿಸಲು ಹೇಳಿ. ಇದ್ದ ಅದುರಾಟ ಬೇಗ ಖರ್ಚಾಯಿತು.

ಫೋನಿಗೆ ಹೋಗುವ ಮುಂಚೆ ಗಾಳಿಗೆ ಹತ್ತು ನಿಮಿಷ ಕೊಡಿ. ಇದನ್ನು ಬಿಟ್ಟೇ ಬಹಳ ಮಂದಿ ದಾರಕ್ಕೆ ಹೋಗುತ್ತಾರೆ. ಆಗ ವಸ್ತು ಅದುರುವುದಕ್ಕೂ ಕಿವಿಗೆ ಕೇಳುವುದಕ್ಕೂ ನಡುವೆ ಏನಿದೆ ಅನ್ನುವುದು ಮಗುವಿಗೆ ಖಾಲಿಯಾಗಿ ಉಳಿಯುತ್ತದೆ. ಒಂದು ಬಟ್ಟಲಿನ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಒಂದು ಚಿಟಿಕೆ ರಾಗಿ ಕಾಳು ಉದುರಿಸಿ. ಹತ್ತಿರದಲ್ಲಿ, ಮುಟ್ಟದಂತೆ, ಸ್ಟೀಲ್ ತಟ್ಟೆ ಹಿಡಿದು ಜೋರಾಗಿ ಬಡಿಯಿರಿ. ರಾಗಿ ಕುಣಿಯುತ್ತದೆ. ಕುಣಿಯದಿದ್ದರೆ ಹಾಳೆ ಸಡಿಲವಿದೆ, ಇಲ್ಲವೇ ತಟ್ಟೆ ದೂರ ಇದೆ. ಬಾಯಿಂದ ಕೂಗಿದರೂ ಕುಣಿಯುತ್ತದೆ, ಆದರೆ ಉಸಿರು ಊದಿದ್ದಕ್ಕೋ ಶಬ್ದಕ್ಕೋ ಅನ್ನುವ ಗೊಂದಲ ಬೇಡ ಅಂತ ತಟ್ಟೆ ಹೇಳಿದೆ. ಬಟ್ಟಲನ್ನು ಇಟ್ಟ ಮೇಜಿಗೆ ತಟ್ಟೆ ತಾಗಬಾರದು, ತಾಗಿದರೆ ಅದುರಾಟ ಮೇಜಿನ ದಾರಿಯಲ್ಲೂ ಬರುತ್ತದೆ.

ಈಗ ಫೋನ್. ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣದ ಒಳಗೂಡು ಬಳಸುತ್ತಿದ್ದೆವು, ಈಗ ಪೇಪರ್ ಕಪ್ ಸುಲಭ. ತೀರಾ ಪುಟ್ಟ ಟೀ ಕಪ್ಪಿಗಿಂತ ಸ್ವಲ್ಪ ದೊಡ್ಡದು, ತಳ ತೆಳ್ಳಗಿರುವುದು ಒಳ್ಳೆಯದು. ತಳದ ನಡುವೆ ಸೂಜಿಯಿಂದ ತೂತು ಮಾಡಿ. ಪೆನ್ನಿನ ಮೊನೆಯಿಂದ ಮಾಡಿದರೆ ತೂತು ದೊಡ್ಡದಾಗಿ ಹರಿಯುತ್ತದೆ. ದಾರವನ್ನು ಹೊರಗಿನಿಂದ ಒಳಕ್ಕೆ ತೂರಿಸಿ, ಅರ್ಧ ಬೆಂಕಿಕಡ್ಡಿಗೆ ಕಟ್ಟಿ ಎಳೆದುಕೊಳ್ಳಿ. ಹೊಲಿಗೆ ದಾರ ಸಾಕು, ಗಾಳಕ್ಕೆ ಹಾಕುವ ನೈಲಾನ್ ದಾರ ಇನ್ನೂ ಚೆನ್ನ. ಒಂದು ಗುಂಪಿಗೆ ಬೇಕೆಂದೇ ಉಲ್ಲನ್ ದಾರ ಕೊಡಿ. ಅದು ಮೆತ್ತಗೆ, ಹಿಗ್ಗುತ್ತದೆ, ಅದುರಾಟವನ್ನು ನುಂಗಿಬಿಡುತ್ತದೆ.

ನಿಮ್ಮ ತರಗತಿಯಲ್ಲಿ ದಾರವೋ ಗಾಳಿಯೋ ಗೊತ್ತಾಗದೇ ಇದ್ದದ್ದು ದೂರ ಸಾಲದೆ. ನಾಲ್ಕು ಮೀಟರ್ ದೂರದಲ್ಲಿ ಮಾತಾಡಿದರೆ ಫೋನ್ ಇಲ್ಲದೆಯೂ ಕೇಳುತ್ತದೆ. ಮೈದಾನಕ್ಕೋ ಉದ್ದದ ಜಗಲಿಗೋ ಹೋಗಿ, ದಾರ 15 ಮೀಟರ್ ಇರಲಿ. ಮಾತಾಡುವವರು ಮೆಲು ದನಿಯಲ್ಲಿ ಮಾತಾಡಲಿ. ಪಿಸುಮಾತು ಬೇಡ, ಅದರಲ್ಲಿ ಗಂಟಲು ಅದುರುವುದಿಲ್ಲ, ದನಿಗೆ ಬಲವೂ ಇಲ್ಲ. ಕೇಳುವವರು ಕಪ್ಪನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಬೆರಳಿಂದ ಮುಚ್ಚಿಕೊಳ್ಳಲಿ. ಕಪ್ಪನ್ನು ಅಂಚಿನ ಹತ್ತಿರ ಹಿಡಿಯಬೇಕು, ತಳವನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಅದು ಅದುರುವುದೇ ಇಲ್ಲ. ದಾರ ಎಲ್ಲೂ ಗೋಡೆಗೆ, ಕಂಬಕ್ಕೆ, ಬಟ್ಟೆಗೆ ತಾಗದೆ ನೇರವಾಗಿ ಬಿಗಿಯಾಗಿರಬೇಕು.

ಆಮೇಲೆ ಪರೀಕ್ಷೆ. ಪ್ರತಿ ಗುಂಪಿಗೂ ಹತ್ತು ಹತ್ತು ಪದಗಳ ನಾಲ್ಕು ಚೀಟಿ ಬರೆದುಕೊಡಿ. ಒಂದು, ಎರಡು, ಮೂರು ಅಂತ ಕ್ರಮದ ಎಣಿಕೆ ಬೇಡ, ಅದನ್ನು ಕೇಳದೆಯೂ ಊಹಿಸಬಹುದು. ತರಕಾರಿ, ಊರು, ಪ್ರಾಣಿಗಳ ಹೆಸರು ಬೆರೆಸಿ: ಬದನೆ, ಮಂಡ್ಯ, ಮೊಲ, ಗೋಡೆ. ಮೊದಲ ಚೀಟಿಯನ್ನು ಬಿಗಿ ದಾರದಲ್ಲಿ ಓದಲಿ. ಎರಡನೆಯದನ್ನು ದಾರ ಸಡಿಲ ಬಿಟ್ಟು. ಮೂರನೆಯದನ್ನು ದಾರ ಬಿಗಿ ಇಟ್ಟು, ನಡುವೆ ಒಬ್ಬರು ದಾರವನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಚಿವುಟಿ ಹಿಡಿದು. ನಾಲ್ಕನೆಯದನ್ನು ಕಪ್ಪುಗಳಿಂದ ದಾರ ಬಿಚ್ಚಿ, ಅದೇ ಜಾಗದಲ್ಲಿ ಅದೇ ದನಿಯಲ್ಲಿ. ಕೇಳಿದ್ದನ್ನು ಬರೆದುಕೊಂಡು ಹತ್ತಕ್ಕೆ ಎಷ್ಟು ಸರಿ ಅಂತ ಎಣಿಸಲಿ. ಬಿಗಿ ದಾರದ ಅಂಕ ಉಳಿದ ಮೂರಕ್ಕಿಂತ ಸ್ಪಷ್ಟವಾಗಿ ಮೇಲೆ ಇದ್ದರೆ ಮಾತು ದಾರದ ದಾರಿಯಲ್ಲೇ ಬಂದಿದೆ. ನಾಲ್ಕನೇ ಚೀಟಿಯಲ್ಲೂ ಎಂಟೊಂಬತ್ತು ಸರಿ ಬಂದರೆ ಆ ಗುಂಪು ಜೋರಾಗಿ ಓದಿದೆ, ಅಥವಾ ದೂರ ಸಾಲದು. ಆ ಫಲಿತಾಂಶ ಬಿಟ್ಟು ಮತ್ತೆ ಮಾಡಿಸಿ. ಬಿಗಿ ದಾರದಲ್ಲೂ "ಸಸಿ"ಯಂಥ ಪದಗಳು ತಪ್ಪುವುದು ಜಾಸ್ತಿ, "ಗೋಡೆ"ಯಂಥವು ಉಳಿಯುತ್ತವೆ. ಯಾಕೆ ಅಂತ ಮಕ್ಕಳು ಕೇಳಿದರೆ ಗಂಟಲು ಅದುರದ "ಸ್ಸ್ಸ್" ನೆನಪಿಸಿ.

ಚಿವುಟಿ ಹಿಡಿದ ಮಗುವನ್ನು ಮರೆಯಬೇಡಿ. ಅವಳಿಗೆ ಒಂದು ಸಲ ದಾರವನ್ನು ತಡೆಯದೆ, ಬೆರಳ ತುದಿಯನ್ನು ಹಗುರವಾಗಿ ತಾಗಿಸಲು ಹೇಳಿ. ಆ ಕಡೆಯವರು ಕಪ್ಪಿನೊಳಗೆ ಉದ್ದಕ್ಕೆ "ಊ" ಅನ್ನಲಿ. ದಾರ ಬೆರಳಲ್ಲಿ ಕಚಗುಳಿ ಇಟ್ಟಂತೆ ಆಗುತ್ತದೆ. ಇಲ್ಲಿ ಒಂದು ಮಾತು ಕೊಡಬೇಡಿ, ದಾರ ಅದುರುವುದು ಕಾಣುತ್ತದೆ ಅಂತ. ರಬ್ಬರ್ ಅಡ್ಡಡ್ಡ ಆಡುತ್ತದೆ, ಮಡಚಿದ ಕಾಗದದ ಚೂರು ಮೇಲಿಟ್ಟರೆ ಹಾರಿ ಬೀಳುತ್ತದೆ. ಫೋನಿನಲ್ಲಿ ಕಪ್ಪಿನ ತಳ ದಾರವನ್ನು ಅದರ ಉದ್ದಕ್ಕೇ ಎಳೆದು ಬಿಟ್ಟು ಮಾಡುತ್ತದೆ, ಆಟವೂ ತೀರಾ ಸಣ್ಣದು. ಕಾಗದದ ಚೂರು ಕದಲುವುದಿಲ್ಲ. ಸಡಿಲ ದಾರ ಯಾಕೆ ಕೆಲಸ ಮಾಡದು ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಒಂದು ತುದಿ ಎಳೆದರೆ ಇನ್ನೊಂದು ತುದಿಗೆ ತಿಳಿಯಬೇಕಾದರೆ ದಾರ ಬಿಗಿಯಾಗಿರಲೇಬೇಕು.

ಹರ್ಟ್ಸ್, ಆವೃತ್ತಿ, ಪಾರ ಇವೆಲ್ಲ ಈಗ ಬೇಡ. ಮುಂದಿನ ತರಗತಿಗಳಲ್ಲಿ ಬರುತ್ತವೆ. ಈಗ ಬೋರ್ಡಿನ ಮೇಲೆ "ಅದುರಾಟ" ಅಂತ ಬರೆದು ಪಕ್ಕದಲ್ಲಿ "ಕಂಪನ" ಅಂತ ಬರೆದರೆ ಸಾಕು.

ಮರುದಿನ "ಶಬ್ದ ಅಂದರೇನು" ಅಂತ ಕೇಳಬೇಡಿ, ಬಾಯಿಪಾಠದ ಉತ್ತರ ಬರುತ್ತದೆ. ಅವರು ಪ್ರಯೋಗ ಮಾಡದ ಒಂದು ವಸ್ತುವನ್ನು ಕೊಡಿ. ಸೊಳ್ಳೆ ಕಿವಿಯ ಹತ್ತಿರ ಗುಂಯ್ ಅನ್ನುತ್ತದೆ, ಅದನ್ನು ಯಾರೂ ಬಡಿದಿಲ್ಲ. "ಅಲ್ಲಿ ಅದುರುವುದು ಯಾವುದು? ಅದು ಕೂತಾಗ ಶಬ್ದ ಯಾಕೆ ನಿಲ್ಲುತ್ತದೆ? ನಿನ್ನ ಕಿವಿವರೆಗೆ ಏನು ತಂದಿತು?" ಮೂರು ಸಾಲಲ್ಲಿ ಬರೆಯಲಿ. ರೆಕ್ಕೆ, ರೆಕ್ಕೆ ನಿಂತಿತು, ಗಾಳಿ ಅಂತ ಬರೆದವರಿಗೆ ಪಾಠ ಹತ್ತಿದೆ. "ಸೊಳ್ಳೆ ಬಾಯಿಂದ ಕೂಗುತ್ತೆ" ಅಂತ ಬರೆದವರು ಅದುರಾಟವನ್ನು ಇನ್ನೂ ಹುಡುಕುತ್ತಿಲ್ಲ, ಅವರನ್ನು ತೂಗುಹಾಕಿದ ತಟ್ಟೆಯ ಹತ್ತಿರ ಇನ್ನೊಮ್ಮೆ ಕರೆದೊಯ್ಯಿರಿ. ಮೊದಲೆರಡು ಸರಿ ಬರೆದು ಮೂರನೆಯದನ್ನು ಖಾಲಿ ಬಿಟ್ಟವರಿಗೆ ರಾಗಿ ಕಾಳಿನ ಬಟ್ಟಲು ಸಾಕು.